ರಘುವಿಗೆ

ರಘು,

ಭಾನುವಾರ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನೀನು ಕೇಳಿದ್ದಕ್ಕೆ ಉತ್ತರ ಇದು. ಸುತ್ತಿಬಳಸದೆ ಮೊದಲೇ ಹೇಳಿಬಿಡುತ್ತೇನೆ. ನಾನು ನಿನ್ನನ್ನು ಮದುವೆಯಾಗಲಾರೆ ಕಣೋ. ಈಗ ಬೇಡ ಅಂತಲ್ಲ, ಮುಂದೆಯೂ ಈ ಉತ್ತರ ಬದಲಾಗುವುದಿಲ್ಲ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ಮನಸ್ಸು ಮೆತ್ತಗಾಗಿ ‘ನೋಡೋಣ’ ಅಂದುಬಿಡುತ್ತಿದ್ದೆ. ನೀನು ಅದನ್ನೇ ನಂಬಿಕೊಂಡು ಕಾಯುತ್ತಿದ್ದೆ.

ಕಾರಣ ಜಾತಿ ಅಲ್ಲ, ಜಾತಕ ಅಲ್ಲ, ನಿನ್ನ ಕೆಲಸವೂ ಅಲ್ಲ. ನನ್ನ ಮನಸ್ಸಿನಲ್ಲಿ ಬೇರೆ ಯಾರೂ ಇಲ್ಲ. ನಿನ್ನ ಮೇಲೆ ನನಗೆ ತುಂಬಾ ಪ್ರೀತಿ ಇದೆ, ಆದರೆ ಗಂಡ ಅಂತ ನಿನ್ನನ್ನು ನೆನೆಸಿಕೊಳ್ಳಲು ಆಗಲಿಲ್ಲ. ರಾತ್ರಿಯೆಲ್ಲ ಯೋಚಿಸಿದರೂ ಆಗಲಿಲ್ಲ. ಒಳ್ಳೆಯವನು, ಗೊತ್ತಿರುವವನು ಅಂತ ಸುಮ್ನೆ ಒಪ್ಪಿಕೊಂಡರೆ ನಿನಗೆ ಅರ್ಧ ಮನಸ್ಸಿನ ಹೆಂಡತಿ ಸಿಗುತ್ತಾಳೆ. ಅದು ನಿನಗೆ ಅನ್ಯಾಯ.

ಅಪ್ಪನಿಗೆ ಸ್ಟೆಂಟ್ ಹಾಕಿದ ರಾತ್ರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಬೆಳಗಾಗುವವರೆಗೂ ನನ್ನ ಜೊತೆ ಕೂತವನು ನೀನು. ಮದುವೆಯ ಮಾತು ಕೇಳುವಾಗ ಅದನ್ನು ಎತ್ತಲೂ ಇಲ್ಲ. ನೀನು ಇಂಥವನು ಅಂತಲೇ ನಿನ್ನ ಸ್ನೇಹ ಕಳೆದುಕೊಳ್ಳಲು ನನಗೆ ಇಷ್ಟೊಂದು ಭಯ.

ಧನುರ್ಮಾಸ ಮುಗಿಯಲಿ, ಸಂಕ್ರಾಂತಿ ಆದಮೇಲೆ ಅಮ್ಮನನ್ನು ಕಳಿಸುತ್ತೇನೆ ಅಂತ ನೀನು ಅಂದಿದ್ದೆ. ದಯವಿಟ್ಟು ಬೇಡ. ಅವರು ಹೂವು ಹಣ್ಣು ಹಿಡಿದು ಬಂದು, ನಮ್ಮ ಮನೆಯವರು ಖುಷಿಪಟ್ಟು, ಆಮೇಲೆ ನಾನು ಬೇಡ ಅಂದರೆ ಎರಡೂ ಮನೆಯವರಿಗೆ ನೋವು. ಅವರ ಎದುರು ನಿನ್ನ ತಲೆ ತಗ್ಗುವುದು ನನಗೆ ಬೇಡ. ಅಮ್ಮನಿಗೆ ಏನು ಹೇಳಬೇಕೋ ನಿನಗೆ ಬಿಟ್ಟದ್ದು. ಅವಳೇ ಒಪ್ಪಲಿಲ್ಲ ಅಂತ ಹೇಳಿದರೂ ಸರಿ. ನಾನು ಈ ವಿಷಯ ಯಾರಿಗೂ ಹೇಳಿಲ್ಲ, ನಮ್ಮ ಗುಂಪಿನವರಿಗೂ ಹೇಳುವುದಿಲ್ಲ.

ನಾಳೆಯಿಂದಲೇ ಮೊದಲಿನಂತೆ ಇರೋಣ ಅಂತ ನಾನು ಒತ್ತಾಯ ಮಾಡಲ್ಲ. ಸ್ವಲ್ಪ ಕಾಲ ನನ್ನ ಜೊತೆ ಮಾತು ಬೇಡ ಅನ್ನಿಸಿದರೆ ಬಿಟ್ಟುಬಿಡು. ನನ್ನ ಮೇಲೆ ಸಿಟ್ಟು ಬಂದರೆ ಸಿಟ್ಟು ಮಾಡಿಕೋ. ಬೆಳಗಿನ ಮೆಸೇಜು, ಭಾನುವಾರದ ವಾಕಿಂಗು ನಾನಾಗಿ ಶುರು ಮಾಡುವುದಿಲ್ಲ. ಇದು ಮುನಿಸು ಅಂದುಕೊಳ್ಳಬೇಡ, ನಿನಗೆ ಬಿಡುವು ಕೊಡುತ್ತಿದ್ದೇನೆ ಅಷ್ಟೆ. ಯಾವಾಗ ಕರೆದರೂ ಬರುತ್ತೇನೆ.

ನಿನ್ನ ತಂಗಿಯ ಫಿಸಿಕ್ಸ್ ಪಾಠ ಮಾತ್ರ ನಿಲ್ಲಿಸುವುದು ಬೇಡ. ಸೆಕೆಂಡ್ ಪಿಯು ಪರೀಕ್ಷೆ ಹತ್ತಿರ ಬರುತ್ತಿದೆ, ಕರೆಂಟ್ ಎಲೆಕ್ಟ್ರಿಸಿಟಿ ಇನ್ನೂ ಅರ್ಧಕ್ಕೆ ನಿಂತಿದೆ. ನಾನು ನಿಮ್ಮ ಮನೆಗೆ ಬರುವುದು ನಿನಗೆ ಈಗ ಕಷ್ಟ ಅನ್ನಿಸಿದರೆ ಅವಳೇ ನಮ್ಮನೆಗೆ ಬರಲಿ. ಶನಿವಾರ ಸಂಜೆ ಐದಕ್ಕೆ ನಾನು ಮನೆಯಲ್ಲೇ ಇರುತ್ತೇನೆ ಅಂತ ಅವಳಿಗೆ ಹೇಳು.

ಸುಮಾ