ಜೂನ್ 1ರ ಹಾರೈಕೆಗೆ ಜೂನ್ 3ರ ಉತ್ತರ

ಎಲ್ಲರಿಗೂ ನಮಸ್ಕಾರ.

ಮೊನ್ನೆ ನನ್ನ ಹುಟ್ಟುಹಬ್ಬಕ್ಕೆ ಫೇಸ್‌ಬುಕ್‌ನಲ್ಲಿ ಹಾರೈಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಉತ್ತರ ತಡವಾಯಿತು, ಬೇಜಾರಾಗಬೇಡಿ. ಮಳೆ ಇನ್ನೂ ಸರಿಯಾಗಿ ಹಿಡಿದಿಲ್ಲ. ಚನ್ನಗಿರಿ ಕಡೆಯ ಅಡಿಕೆ ತೋಟದ ಮೋಟರ್‌ಗಳು ಒಂದರ ಹಿಂದೆ ಒಂದು ಸುಟ್ಟುಕೊಂಡು ಅಂಗಡಿಗೆ ಬರುತ್ತಿವೆ. ಎರಡು ದಿನದಿಂದ ಕೈತುಂಬಾ ವಾರ್ನಿಷ್. ಆ ಕೈಯಲ್ಲಿ ಫೋನ್ ಮುಟ್ಟಿದರೆ ಮನೆಯವಳು ಬೈತಾಳೆ.

ಇಷ್ಟು ಜನ ಪ್ರೀತಿಯಿಂದ ಬರೆದ ಮೇಲೆ ಒಂದು ನಿಜ ಹೇಳಿಬಿಡುತ್ತೇನೆ. ಜೂನ್ 1 ನಾನು ಹುಟ್ಟಿದ ದಿನ ಅಲ್ಲ! ಜಗಳೂರು ಕಡೆ ನಮ್ಮೂರ ಶಾಲೆಗೆ ಅಪ್ಪ ನನ್ನನ್ನು ಸೇರಿಸೋಕೆ ಕರೆದುಕೊಂಡು ಹೋದಾಗ ಮೇಷ್ಟ್ರು, "ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟೋ" ಅಂದರು. ಬೆರಳು ಎಟುಕಲಿಲ್ಲ. ಕತ್ತು ಸ್ವಲ್ಪ ಓರೆ ಮಾಡಿ ಮುಟ್ಟಿದೆ. ಮೇಷ್ಟ್ರು ನೋಡಿಯೂ ನೋಡದ ಹಾಗೆ 1-6-1974 ಅಂತ ಬರೆದುಕೊಂಡರು. ನನ್ನ ಹಿಂದೆ ನಿಂತಿದ್ದ ನಾಲ್ಕು ಹುಡುಗರೂ ಅದೇ ದಿನ ಹುಟ್ಟಿದರು. ಅವರಲ್ಲಿ ಇಬ್ಬರು ಮೊನ್ನೆ ನನಗೆ ವಿಶ್ ಮಾಡಿದ್ದಾರೆ. ನಿಮಗೂ ಹುಟ್ಟುಹಬ್ಬದ ಶುಭಾಶಯ ಕಣ್ರೋ.

ಅವ್ವನ ಲೆಕ್ಕವೇ ಬೇರೆ. "ಶೇಂಗಾ ಕೀಳೋ ಹೊತ್ತು. ಬೆಳಗ್ಗೆ ಹೊಲಕ್ಕೆ ಹೋಗಿದ್ದೆ, ಮಧ್ಯಾಹ್ನ ನೀನು ಹುಟ್ಟಿದೆ" ಅಂತಾಳೆ. ಯಾವ ವರ್ಷ ಅಂದರೆ, "ನಮ್ಮ ಕರೇ ಎತ್ತು ಸತ್ತ ವರ್ಷ." ಇದನ್ನು ಫೇಸ್‌ಬುಕ್‌ನಲ್ಲಿ ಹಾಕೋಕೆ ಜಾಗ ಇಲ್ಲ, ಅಲ್ವಾ?

ಆದರೂ ಈ ಸಲ ಖುಷಿಯಾಯಿತು. ಐಟಿಐ ಗೆಳೆಯರು ಹಾಕಿದ ಹಳೇ ಫೋಟೋದಲ್ಲಿ ನನ್ನ ಬೆಲ್‌ಬಾಟಮ್ ಪ್ಯಾಂಟ್ ನೋಡಿ ಮಗಳು ಇನ್ನೂ ನಗುತ್ತಿದ್ದಾಳೆ. ಅದು ನನ್ನದಲ್ಲ, ಚಿಕ್ಕಪ್ಪನದು. ಚಿತ್ರದುರ್ಗದ ಅತ್ತಿಗೆ ಫೋನಿನಲ್ಲಿ ಅಕ್ಷರ ಹುಡುಕಿ ಹುಡುಕಿ ನಾಲ್ಕು ಸಾಲು ಬರೆದಿದ್ದಾರೆ. ಅದನ್ನು ಮೂರು ಸಲ ಓದಿದೆ. "ನೂರು ವರ್ಷ ಬಾಳಿ" ಅಂದವರಿಗೆ ಏನು ಹೇಳಲಿ? ನಾನು ವೈಂಡಿಂಗ್ ಮಾಡಿದ ಮೋಟರ್‌ಗೇ ಆರು ತಿಂಗಳ ಮೇಲೆ ಗ್ಯಾರಂಟಿ ಕೊಡಲ್ಲ. ನಿಮ್ಮ ಬಾಯಿಹರಕೆ ಇರಲಿ.

ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯೋಕೆ ಆಗಲಿಲ್ಲ. ಹೆಸರು ಮಾತ್ರ ಎಲ್ಲಾ ನೋಡಿದ್ದೇನೆ. ಪಿ.ಬಿ. ರೋಡ್ ಕಡೆ ಬಂದರೆ ಅಂಗಡಿಗೆ ಬನ್ನಿ. ಸಂಜೆ ಐದರ ಮೇಲೆ ಆದರೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ನನ್ನ ಲೆಕ್ಕ. ಈರುಳ್ಳಿ ಜಾಸ್ತಿ ಹಾಕಿಸ್ತೀನಿ.

ಇನ್ನು, "ಅಣ್ಣಾ ಹ್ಯಾಪಿ ಬರ್ತ್‌ಡೇ, ಅಂದಂಗೆ ನನ್ ಮೋಟ್ರು ಯಾವಾಗ?" ಅಂತ ಎಲ್ಲರೆದುರೇ ಕಾಮೆಂಟ್ ಹಾಕಿದ ತಮ್ಮನಿಗೆ: ನಾಳೆ ಮಧ್ಯಾಹ್ನ ಬಾ. ಬಾಕಿ ದುಡ್ಡೂ ತಗೊಂಡು ಬಾ.

ನಿಮ್ಮ ವೈಂಡಿಂಗ್ ಮಂಜಣ್ಣ