ವಿಷಯ: ಯುಪಿಐನಲ್ಲಿ ಹಣ ಕಟ್ಟಿದರೂ ಆರ್ಡರ್ ‘ಪೆಂಡಿಂಗ್’ ಉಳಿಯುತ್ತಿದ್ದುದು, ಸರಿಪಡಿಸಲು ತಡವಾದದ್ದು

ಮೇಡಂ, ನಮಸ್ಕಾರ.

ಬುಧವಾರ ಸಂಜೆಯೊಳಗೆ ಸರಿಮಾಡಿಕೊಡುತ್ತೇನೆ ಎಂದಿದ್ದೆ; ಮುಗಿದದ್ದು ಸೋಮವಾರ ಮಧ್ಯಾಹ್ನ. ಲಾಗ್ ನೋಡುವ ಮೊದಲೇ ದಿನ ಹೇಳಿದ್ದು ನನ್ನ ತಪ್ಪು. ಕ್ಷಮಿಸಿ.

ಮೊಬೈಲಿನಲ್ಲಿ ಯುಪಿಐ ಆರಿಸಿದರೆ ಬ್ರೌಸರ್ ಹಿಂದೆ ಸರಿದು ಪೇಮೆಂಟ್ ಆ್ಯಪ್ ತೆರೆದುಕೊಳ್ಳುತ್ತದೆ. ಹಣ ಕಟ್ಟಿದ ಮೇಲೆ ಕೆಲವರು ಬ್ರೌಸರಿಗೆ ಮರಳುವುದೇ ಇಲ್ಲ. ಅಂಥ ಆರ್ಡರ್ ಖಚಿತವಾಗಬೇಕಾದದ್ದು ಪೇಮೆಂಟ್ ಗೇಟ್‌ವೇ ನಮ್ಮ ಸರ್ವರಿಗೆ ನೇರವಾಗಿ ಕಳಿಸುವ ಸಂದೇಶದಿಂದ, ಅಂದರೆ ವೆಬ್‌ಹುಕ್‌ನಿಂದ. ತೊಂದರೆ ಬ್ರೌಸರಿನ ಕಡೆಯದು ಎಂದುಕೊಂಡು ಮೊದಲೆರಡು ದಿನ ಅದನ್ನೇ ತಿದ್ದಿದೆ. ಬುಧವಾರ ರಾತ್ರಿ ಮತ್ತೆರಡು ಆರ್ಡರ್ ಸಿಕ್ಕಿಕೊಂಡವು.

ವೆಬ್‌ಹುಕ್ ಬರುತ್ತಿತ್ತು, ನಮ್ಮ ಸರ್ವರೇ ಕೆಲವನ್ನು 401, ಅಂದರೆ ‘ಗುರುತು ಖಾತ್ರಿಯಾಗಲಿಲ್ಲ’, ಎಂದು ಹೇಳಿ ವಾಪಸ್ ಕಳಿಸುತ್ತಿತ್ತು. ಲಾಗಿನಲ್ಲಿ ಆ ಸಂಖ್ಯೆ ಬಿಟ್ಟರೆ ಸಂದೇಶ ಏನಿತ್ತೆಂಬುದು ಇರಲಿಲ್ಲ. ಪೂರ್ತಿ ಸಂದೇಶ ದಾಖಲಾಗುವಂತೆ ಮಾಡಿ, ದೋಷ ಮತ್ತೆ ಕಾಣಿಸಿಕೊಳ್ಳುವವರೆಗೆ ಕಾಯದೆ ದಾರಿ ಇರಲಿಲ್ಲ. ಶನಿವಾರದ ಹೊತ್ತಿಗೆ ಮೂರು ಸಿಕ್ಕವು: ಎರಡರ ವಿಳಾಸದಲ್ಲಿ ‘ನಂ. 12/3’ ಥರದ ಓರೆಗೆರೆ, ಒಂದರ ವಿಳಾಸ ಪೂರ್ತಿ ಕನ್ನಡದಲ್ಲಿ.

ಸಂದೇಶ ಗೇಟ್‌ವೇಯಿಂದಲೇ ಬಂದದ್ದೆಂದು ಖಾತ್ರಿಪಡಿಸಲು ಅದರ ಒಂದೊಂದು ಬೈಟನ್ನೂ ಸೇರಿಸಿ ಲೆಕ್ಕಹಾಕಿದ ಸಹಿ ಜೊತೆಗೇ ಬರುತ್ತದೆ. ನಮ್ಮ ಕೋಡ್ ಆ ಸಂದೇಶವನ್ನು ಬಿಚ್ಚಿ, `json_encode`ನಿಂದ ಮತ್ತೆ ಕಟ್ಟಿ, ಆಮೇಲೆ ಸಹಿ ತಾಳೆ ನೋಡುತ್ತಿತ್ತು. ಪಿಎಚ್‌ಪಿ ಹಾಗೆ ಕಟ್ಟುವಾಗ `/` ಇದ್ದಲ್ಲಿ `\/`, ‘ಕ’ ಇದ್ದಲ್ಲಿ `\u0c95` ಬರೆಯುತ್ತದೆ. ಅರ್ಥ ಅದೇ, ಬೈಟುಗಳು ಬೇರೆ, ಸಹಿ ಹೊಂದುವುದಿಲ್ಲ. ನನ್ನ ಟೆಸ್ಟ್ ವಿಳಾಸಗಳಲ್ಲಿ ಓರೆಗೆರೆಯೂ ಇರಲಿಲ್ಲ, ಕನ್ನಡವೂ ಇರಲಿಲ್ಲ. ಮಾಡಿದ ತಿದ್ದುಪಡಿ ಎರಡೇ ಸಾಲು:

```php
$body = file_get_contents('php://input');
$ok = hash_equals(hash_hmac('sha256', $body, $secret), $sig);
```

ಇದರ ಜೊತೆ ಇನ್ನೊಂದು ಎಡವಟ್ಟು ಸಿಕ್ಕಿತು. ಪೆಂಡಿಂಗ್ ಆರ್ಡರ್ 30 ನಿಮಿಷಕ್ಕೆ ತಾನಾಗಿ ರದ್ದಾಗಿ, ಸೀರೆ ಮತ್ತೆ ಮಾರಾಟಕ್ಕೆ ಬರುತ್ತಿತ್ತು. ಈಗ ರದ್ದು ಮಾಡುವ ಮುನ್ನ ಹಣ ಬಂದಿದೆಯೇ ಎಂದು ಗೇಟ್‌ವೇಯನ್ನು ಕೇಳುತ್ತದೆ. ಒಂದೇ ವೆಬ್‌ಹುಕ್ ಎರಡು ಸಲ ಬಂದರೂ ಸ್ಟಾಕ್ ಎರಡು ಸಲ ಕಡಿಮೆಯಾಗದಂತೆ ಪೇಮೆಂಟ್ ಐಡಿಗೆ ಯೂನಿಕ್ ಇಂಡೆಕ್ಸ್ ಹಾಕಿದ್ದೇನೆ. ಜೊತೆಗೆ 15 ನಿಮಿಷಕ್ಕೊಮ್ಮೆ ಹಣ ಮತ್ತು ಆರ್ಡರ್ ತಾಳೆ ನೋಡುವ ಕೆಲಸ ಓಡುತ್ತದೆ. ಹೊಂದದಿದ್ದರೆ ನಮ್ಮಿಬ್ಬರಿಗೂ ಇಮೇಲ್ ಬರುತ್ತದೆ.

ಸಿಕ್ಕಿಕೊಂಡಿದ್ದ 14 ಆರ್ಡರ್‌ಗಳಲ್ಲಿ 9 ಖಚಿತವಾಗಿವೆ, ಪ್ಯಾಕ್ ಮಾಡಬಹುದು. 3 ಗ್ರಾಹಕರು ಕಾದು ಬೇಸತ್ತು ಮತ್ತೊಮ್ಮೆ ಹಣ ಕಟ್ಟಿ ಸೀರೆ ಪಡೆದಿದ್ದಾರೆ. ಅವರ ಮೊದಲ ಪೇಮೆಂಟನ್ನು ಡ್ಯಾಶ್‌ಬೋರ್ಡಿನಿಂದ ನೀವೇ ರೀಫಂಡ್ ಮಾಡಬೇಕು. ಉಳಿದ 2 ಆರ್ಡರಿನ ಸೀರೆಗಳು ಬೇರೆಯವರಿಗೆ ಮಾರಿಹೋಗಿವೆ. ಆ ಗ್ರಾಹಕರಿಗೆ ಇವತ್ತೇ ಫೋನ್ ಮಾಡಿದರೆ ಒಳ್ಳೆಯದು. ಐದೂ ಪೇಮೆಂಟ್ ಐಡಿಗಳು ಲಗತ್ತಿಸಿದ ಶೀಟಿನಲ್ಲಿವೆ. ಯಾರಾದರೂ ಸ್ಕ್ರೀನ್‌ಶಾಟ್ ಕಳಿಸಿದರೆ ಅದನ್ನೇ ನಂಬಿ ಸೀರೆ ಕಳಿಸಬೇಡಿ, ಐಡಿ ಹಾಕಿ ನೋಡಿ.

ಕೆಲಸ 26 ಗಂಟೆ ಹಿಡಿಯಿತು. ಬಿಲ್ ಮೊದಲು ಹೇಳಿದ 12 ಗಂಟೆಗೇ.

ಇಂತಿ,
ಪ್ರಶಾಂತ್