ಹಗ್ಗದ ಎರಡು ತುದಿ

ಬಡಾವಣೆಯ ಹಬ್ಬವನ್ನು ಚಿತ್ರೀಕರಿಸಲು ಹೊರಟ ಹದಿನಾರರ ಮೇಘನಾಳ ಬಳಿ ಮೊಬೈಲ್, ಪುಟ್ಟ ಟ್ರೈಪಾಡ್ ಮತ್ತು ಹಿಂದಿನ ರಾತ್ರಿ ಬರೆದಿಟ್ಟ ದೃಶ್ಯಗಳ ಪಟ್ಟಿ ಇದ್ದವು. ಮೊದಲು ಜನಸಂದಣಿ, ಬಳಿಕ ವೇದಿಕೆ, ಕೊನೆಗೆ ದೀಪಗಳು ಹೊತ್ತಿಕೊಳ್ಳುವ ಗಳಿಗೆ. ಮಧ್ಯಾಹ್ನ ಮೆಟ್ಟಿಲ ಮೇಲೆ ಕುಳಿತು ಅಷ್ಟರವರೆಗಿನ ತುಣುಕುಗಳನ್ನು ನೋಡಿದಾಗ ಬೆಳಕು, ಚೌಕಟ್ಟು ಎಲ್ಲವೂ ಸರಿಯಾಗಿಯೇ ಇದ್ದವು. ಆದರೆ ಅದು ಯಾವ ಊರಿನ ಯಾವ ಹಬ್ಬವೂ ಆಗಬಹುದಿತ್ತು.

ಕೆಲವು ತುಣುಕುಗಳಲ್ಲಂತೂ ಚಿಕ್ಕ ಹುಡುಗನೊಬ್ಬ ಅಡ್ಡಡ್ಡ ಓಡಿ ಚೌಕಟ್ಟನ್ನೇ ಕೆಡಿಸಿದ್ದ. ಅಳಿಸಿಹಾಕುವ ಮುನ್ನ ಅವಳು ಇಯರ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿದಳು.

"ಇನ್ನೊಂದು ಮೊಳ ಸಡಿಲ ಬಿಡಬೇಕಂತೆ."

"ಬಿಟ್ಟರೆ ದೀಪಗಳು ಜೋತು ಬೀಳುತ್ತವೆ ಅಂತ ಹೇಳು, ಹೋಗು."

ಬೀದಿಗೆ ಅಡ್ಡಲಾಗಿ ದೀಪದ ಸರ ಕಟ್ಟಲು ಹಗ್ಗದ ಒಂದೊಂದು ತುದಿ ಹಿಡಿದು ಎದುರುಬದುರಿನ ಎರಡು ಮಹಡಿಗಳ ಮೇಲೆ ನಿಂತಿದ್ದವರು, ಕಾಂಪೌಂಡ್ ಗೋಡೆಯ ಜಗಳದಿಂದ ಮಾತು ಬಿಟ್ಟಿದ್ದ ಇಬ್ಬರು ಹಿರಿಯರು. ಕೂಗಿದರೆ ಕೇಳುವಷ್ಟು ಹತ್ತಿರವಿದ್ದರೂ ಅವರ ಮಾತೆಲ್ಲ ಆ ಹುಡುಗನ ಕಾಲಿನ ಮೇಲೆ ಓಡಾಡುತ್ತಿತ್ತು. ಆದರೂ ಒಬ್ಬರು ಎಳೆದಾಗ ಇನ್ನೊಬ್ಬರು ಎಷ್ಟು ಸಡಿಲಿಸಬೇಕೆಂಬುದು ಇಬ್ಬರ ಕೈಗೂ ಗೊತ್ತಿತ್ತು. ಎಷ್ಟೋ ಹಬ್ಬಗಳಲ್ಲಿ ಅದೇ ಹಗ್ಗ ಹಿಡಿದವರಿಗಷ್ಟೇ ಬರುವ ಹದ ಅದು.

ಮೇಘನಾ ಟ್ರೈಪಾಡನ್ನು ವೇದಿಕೆಯಿಂದ ಬೀದಿಯ ಕಡೆಗೆ ತಿರುಗಿಸಿದಳು. ಹುಡುಗನ ಎತ್ತರಕ್ಕೆ ಮೊಬೈಲನ್ನು ಇಳಿಸಿ, ಅವನ ಹಿಂದೆಯೇ ಒಂದು ಮನೆಯ ಮೆಟ್ಟಿಲು ಹತ್ತಿ ಇನ್ನೊಂದು ಮನೆಯದನ್ನು ಇಳಿದಳು. ಒಂದೆಡೆ ಗಂಟು ಬಿಗಿಯುವ ಬೆರಳು, ಇನ್ನೊಂದೆಡೆ ಉತ್ತರಕ್ಕಾಗಿ ಕಾಯುತ್ತಾ ಕೆಳಗೆ ಇಣುಕುವ ಮುಖ. ವೇದಿಕೆಯ ಸದ್ದು ದೂರದಿಂದ ಕೇಳಿಸಿದರೆ ಸಾಕೆಂದು ಅವಳಿಗೆ ಅನಿಸಿತು.

ಆದರೆ ಕೇಳದೆ ಅವರ ಮೌನವನ್ನು ಊರಿಗೆ ತೋರಿಸುವುದು ಅವಳಿಗೆ ಒಪ್ಪಿತವಾಗಲಿಲ್ಲ. ಹಗ್ಗ ಬಿಗಿದಾದ ಮೇಲೆ ಮೊದಲ ಮನೆಗೆ ಹೋಗಿ ತುಣುಕುಗಳನ್ನು ತೋರಿಸಿ, "ಅಂಕಲ್, ಇದನ್ನೇ ನನ್ನ ಚಿತ್ರ ಮಾಡಲಾ?" ಎಂದು ಕೇಳಿದಳು.

ಅವರು ಎದುರು ಮಹಡಿಯವರು ಕಾಣಿಸಿದ ಭಾಗವನ್ನು ಮತ್ತೊಮ್ಮೆ ಹಾಕಿಸಿ ನೋಡಿದರು. "ಅವರು ಬೇಡ ಅಂದರೆ ಬೇಡ. ಏನಂತಾರೆ ಕೇಳಿಕೊಂಡು ಬಾರಮ್ಮ."

ಎದುರು ಮನೆಯವರೂ ಪೂರ್ತಿ ನೋಡಿದರು. "ಅವರು ಒಪ್ಪಿದರಾ?"

"ನೀವು ಒಪ್ಪಿದರೆ ಅವರದೂ ಒಪ್ಪಿಗೆಯಂತೆ."

"ಹಾಗಾದರೆ ಆಗಲಿ ಅಂತ ಹೇಳು. ಗಂಟು ಚೆನ್ನಾಗಿ ಬಿದ್ದಿದೆ, ಅದನ್ನೂ ಹೇಳು."

ಮೇಘನಾ ರೆಕಾರ್ಡಿಂಗ್ ಗುಂಡಿಯನ್ನು ಒತ್ತಿಕೊಂಡೇ ಮೆಟ್ಟಿಲಿಳಿದು ಬೀದಿ ದಾಟಿದಳು.